ಸುಗ್ಗಿಯ ಬೆಳಗಿಗೆ ಎಷ್ಟು ಕಿತ್ತಳೆ ಬೇಕು?

ಸುಗ್ಗಿ ಹಬ್ಬದ ಚಿತ್ರ ಬರೆಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಕಿತ್ತಳೆ ಟ್ಯೂಬಿಗೆ. ಶಾಲಾ ಸ್ಪರ್ಧೆಯ ಹಾಳೆಯಿರಲಿ, ರಸಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಇರಲಿ, ಸಂಕ್ರಾಂತಿಯ ದಿನ ಫೋನಿಗೆ ಬಂದು ಬೀಳುವ ಶುಭಾಶಯದ ಚಿತ್ರವಿರಲಿ, ಎಲ್ಲದರಲ್ಲೂ ಆಕಾಶ ಕಿತ್ತಳೆ, ನೆಲ ಕಿತ್ತಳೆ, ಭತ್ತದ ರಾಶಿ ಕಿತ್ತಳೆ, ಕೊನೆಗೆ ಪಾಪ, ಬಿಳಿ ಎತ್ತೂ ಕಿತ್ತಳೆ. ನೋಡಿದವರಿಗೆ ಬೆಚ್ಚಗೆ ಅನ್ನಿಸಲಿ ಎಂಬುದು ಬರೆದವರ ಆಸೆ. ಆದರೆ ಬರುವುದು ಬೆಚ್ಚನೆಯ ಬೆಳಗಲ್ಲ. ಎಲ್ಲೋ ಬೆಂಕಿ ಬಿದ್ದ ಹಾಗಿನ ಒಂದು ನೋಟ. ಪಕ್ಕದಲ್ಲಿ ತಣ್ಣನೆಯ ಬಣ್ಣವಿದ್ದರೆ ಮಾತ್ರ ಕಣ್ಣಿಗೆ ಬಿಸಿಯ ಅರಿವಾಗುತ್ತದೆ. ಅದಿಲ್ಲದಿದ್ದರೆ ಕಣ್ಣು ಕೆಲವೇ ಕ್ಷಣಗಳಲ್ಲಿ ಆ ಕಿತ್ತಳೆಗೆ ಒಗ್ಗಿಹೋಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಂಥ ಒಂದು ಚಿತ್ರದ ಬಣ್ಣವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಈ ವಾರ ನೋಡೋಣ. ಜಾಗ ಕಂಪ್ಲಿ ಕಡೆಯ ಒಂದು ಭತ್ತದ ಕಣ. ಸಮಯ ಸಂಕ್ರಾಂತಿಯ ಬೆಳಗು ಏಳೂವರೆ. ಶೃಂಗಾರಗೊಂಡ ಒಂದು ಜೋಡಿ ಎತ್ತು, ಹಿಂದೆ ಭತ್ತದ ರಾಶಿ, ಅದರ ಹಿಂದೆ ಹುಲ್ಲಿನ ಬಣವೆ, ಅದಕ್ಕೂ ಹಿಂದೆ ಮಬ್ಬಿನಲ್ಲಿ ಕರಗಿದ ಗುಡ್ಡ. ಬರೆಯುವುದು ಜಲವರ್ಣದಲ್ಲಿ.

ಮೊದಲು ಹಬ್ಬ ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು. ಏಕೆಂದರೆ ನೆಲದ ಬಣ್ಣ ಹಬ್ಬದಿಂದ ಹಬ್ಬಕ್ಕೆ ಬೇರೆ. ನಮ್ಮ ಸೀಮೆಯಲ್ಲಿ ಎತ್ತುಗಳ ದೊಡ್ಡ ಹಬ್ಬ ಕಾರ ಹುಣ್ಣಿಮೆ. ಕೊಂಬಿಗೆ ಬಣ್ಣ ಬಳಿದು, ಮೈಗೆ ಹುರಮಂಜು ಹಚ್ಚಿ, ಗೊಂಡೆ ಕಟ್ಟಿ ಮೆರೆಸುವುದು ಹೆಚ್ಚಾಗಿ ಆವತ್ತು. ಆದರೆ ಅದು ಜ್ಯೇಷ್ಠ ಮಾಸದ ಹುಣ್ಣಿಮೆ. ಮುಂಗಾರು ಆಗತಾನೇ ಕಾಲಿಟ್ಟಿರುತ್ತದೆ, ಹೊಲ ಹಸಿ ಕಂದು, ಆಕಾಶದಲ್ಲಿ ಬೂದು ಮೋಡ, ಕಣದಲ್ಲಿ ಒಂದು ಹಿಡಿ ಕಾಳೂ ಇರುವುದಿಲ್ಲ. ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಹಿಂಗಾರಿ ಜೋಳ ಇನ್ನೂ ಹಸಿರಾಗಿ ನಿಂತಿರುತ್ತದೆ. ಬಿಳಿಜೋಳದ ರಾಶಿ ಬೀಳುವುದು ಫೆಬ್ರವರಿ, ಮಾರ್ಚಿಗೆ. ಸಂಕ್ರಾಂತಿಯ ಹೊತ್ತಿಗೆ ರಾಶಿ ಎಂದು ಕಾಣುವುದು ಕಾಲುವೆ ಸೀಮೆಯಲ್ಲಿ ಮುಂಗಾರಿ ಭತ್ತ, ಮಳೆಯಾಶ್ರಿತ ಹೊಲಗಳ ಕಡೆ ಮೆಕ್ಕೆಜೋಳ. ಭತ್ತದ ರಾಶಿ ಮಾಸಲು ಹೊನ್ನು. ಮೆಕ್ಕೆಜೋಳದ ರಾಶಿ ಮಾತ್ರ ನಿಜಕ್ಕೂ ಕಿತ್ತಳೆಗೆ ಹತ್ತಿರ. ಕಾರ ಹುಣ್ಣಿಮೆಯ ಹಸಿ ಹೊಲ, ಮಾರ್ಚಿ ತಿಂಗಳ ಜೋಳ, ಜನವರಿಯ ಮಂಜು ಮೂರನ್ನೂ ಒಂದೇ ಹಾಳೆಗೆ ತಂದರೆ ಬಣ್ಣಗಳು ಒಂದಕ್ಕೊಂದು ಹೊಂದುವುದಿಲ್ಲ. ನೋಡುವ ರೈತನಿಗೆ ಅದು ತಕ್ಷಣ ಗೊತ್ತಾಗುತ್ತದೆ, ಏಕೆ ಎಂದು ಹೇಳಲು ಬರದಿರಬಹುದು ಅಷ್ಟೆ.

ಇನ್ನು ಬೆಳಕು. ಜನವರಿ ನಡುವಿನಲ್ಲಿ ಹೊಸಪೇಟೆ, ಕಂಪ್ಲಿಗಳಲ್ಲಿ ಸೂರ್ಯ ಮೂಡುವುದು ಸುಮಾರು 6 ಗಂಟೆ 50 ನಿಮಿಷಕ್ಕೆ, ಅದೂ ನೇರ ಪೂರ್ವದಲ್ಲಲ್ಲ, ತುಸು ಆಗ್ನೇಯಕ್ಕೆ ಸರಿದು. ಮೂಡಣಕ್ಕೆ ಮುಖ ಮಾಡಿ ನಿಂತರೆ ಸೂರ್ಯ ನಿಮ್ಮ ಬಲಗಣ್ಣಿನ ಕಡೆ ಇರುತ್ತಾನೆ. ಏಳೂವರೆಗೆ ಅವನು ದಿಗಂತದಿಂದ ಏಳು ಡಿಗ್ರಿಯಷ್ಟು ಮೇಲೆ ಬಂದಿರುತ್ತಾನೆ. ಆಗ ನೆರಳಿನ ಉದ್ದ ವಸ್ತುವಿನ ಎತ್ತರದ ಹೆಚ್ಚುಕಡಿಮೆ ಎಂಟರಷ್ಟು. ಭುಜದ ಹತ್ತಿರ ನಾಲ್ಕೂವರೆ ಅಡಿ ಇರುವ ಎತ್ತಿನ ನೆರಳು ಮೂವತ್ತೈದು ಅಡಿ ದಾಟಿ ನಿಮ್ಮ ಕಾಲಬುಡದ ತನಕ ಬಂದಿರುತ್ತದೆ. ಒಂಬತ್ತು ಗಂಟೆಗೆ ಅದೇ ನೆರಳು ಎತ್ತರದ ಎರಡರಷ್ಟಕ್ಕೆ ಕುಗ್ಗುತ್ತದೆ, ಬೆಳಕೂ ಬೆಳ್ಳಗಾಗುತ್ತದೆ. ಉದ್ದ ನೆರಳು ಇರುವ ಒಂದು ಗಂಟೆಯಲ್ಲೇ ನಮ್ಮ ಚಿತ್ರವೂ ಇರುವುದು. ಆ ನೆರಳಿನ ಜಾಗವೇ ನಮಗೆ ಬೇಕಾದ ತಂಪು ಬಣ್ಣದ ಜಾಗ. ಸೂರ್ಯನ ಬೆಳಕು ಬೀಳದ ಅಲ್ಲಿಗೆ ನೆತ್ತಿಯ ಮೇಲಿನ ನೀಲಿ ಆಕಾಶದ ಬೆಳಕು ಮಾತ್ರ ಇಳಿಯುತ್ತದೆ. ಹಾಗಾಗಿ ಕೆಂಪು ನೆಲದ ಮೇಲೆ ಬಿದ್ದ ನೆರಳು ನೇರಳೆಗೆ ವಾಲುತ್ತದೆ, ಹುಲ್ಲಿನ ಮೇಲೆ ಬಿದ್ದದ್ದು ಬೂದು ಹಸಿರಿಗೆ.

ಒಂದೇ ಬಣವೆ ಗಳಿಗೆಗೊಂದು ಬಣ್ಣ ತಾಳುವುದನ್ನು ಬೆನ್ನು ಹತ್ತಿದವನು ಫ್ರಾನ್ಸಿನ ಕ್ಲೋಡ್ ಮೊನೆ. 1890-91ರಲ್ಲಿ ತನ್ನ ಊರು ಝಿವರ್ನಿಯ ಹೊಲದಲ್ಲಿದ್ದ ಗೋಧಿಯ ಬಣವೆಗಳನ್ನೇ ಅವನು ಸುಮಾರು 25 ಸಲ ಬರೆದ. ಹಲವು ಕ್ಯಾನ್ವಾಸುಗಳನ್ನು ಜೊತೆಗೆ ಇಟ್ಟುಕೊಂಡು, ಬೆಳಕು ಬದಲಾದ ಕೂಡಲೇ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 1891ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಅವುಗಳಲ್ಲಿ 15 ಚಿತ್ರಗಳನ್ನು ಒಟ್ಟಿಗೆ ತೋರಿಸಲಾಯಿತು. ಅವುಗಳ ನೆರಳುಗಳನ್ನು ಗಮನಿಸಿ ನೋಡಿ: ಕಂದು ಕಡಿಮೆ, ನೀಲಿ, ನೇರಳೆ ಹೆಚ್ಚು. ಬಿಸಿಲಿನ ಹಳದಿ ಉರಿಯುವುದು ಅವುಗಳ ಪಕ್ಕದಲ್ಲಿ ಇರುವುದರಿಂದ. ನಮ್ಮವರು ಏಳೂವರೆಗೆ ಶುರು ಮಾಡಿದ ಚಿತ್ರವನ್ನು ಹತ್ತು ಗಂಟೆಯ ನೆರಳು ನೋಡಿ ಮುಗಿಸುವುದುಂಟು. ಆಮೇಲೆ ಏನೋ ಸರಿಯಿಲ್ಲ ಎಂದು ಮೇಲೆ ಇನ್ನಷ್ಟು ಹಳದಿ ಹಚ್ಚುವುದುಂಟು.

ಮಂಜು ಅಥವಾ ಮಬ್ಬು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಮೂರು ಬಗೆಗಳಿವೆ. ಮೂರರ ಬಣ್ಣವೂ ಬೇರೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ ತಣ್ಣನೆಯ ಗಾಳಿ ತಗ್ಗಿನಲ್ಲಿ, ಹೊಳೆಯ ಪಾತ್ರದಲ್ಲಿ ನಿಂತುಬಿಡುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಕಾಲುವೆಯ ತೇವ, ಒಲೆಯ ಹೊಗೆ, ರಸ್ತೆಯ ಧೂಳು ಯಾವುದೂ ಮೇಲೇರದೆ ಅಲ್ಲೇ ಸುಳಿಯುತ್ತವೆ. ತೇವದಿಂದಾದ ಮಂಜಿನ ಹನಿಗಳು ದೊಡ್ಡವು. ಅವು ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದುರಿಸುವುದರಿಂದ ಮಂಜು ಬೆಳ್ಳಗಿರುತ್ತದೆ. ಹೊಗೆಯ ಕಣಗಳು ಅತಿ ಸಣ್ಣವು. ಅವು ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಆದ್ದರಿಂದ ಅದೇ ಒಲೆಯ ಹೊಗೆ ಕಪ್ಪು ಬಂಡೆಯ ಮುಂದೆ ಹಾಯುವಾಗ ತಿಳಿ ನೀಲಿಯಾಗಿಯೂ, ಹೊಳೆಯುವ ಆಕಾಶದ ಮುಂದೆ ಬಂದಾಗ ಕಂದು ಹಳದಿಯಾಗಿಯೂ ಕಾಣುತ್ತದೆ. ಹಬ್ಬದ ದಿನ ಯಾರದಾದರೂ ಹಿತ್ತಲ ಒಲೆಯ ಮುಂದೆ ನಿಂತು ನೋಡಿ, ಒಂದೇ ಎಳೆ ಹೊಗೆ ಗೋಡೆ ದಾಟಿ ಆಕಾಶಕ್ಕೆ ಏರುವ ಜಾಗದಲ್ಲಿ ಬಣ್ಣ ಬದಲಿಸುವುದು ಕಣ್ಣಿಗೇ ಕಾಣುತ್ತದೆ. ಮೂರನೆಯದು ಧೂಳು. ಸಂಡೂರು ಕಡೆ ಅದರಲ್ಲಿ ಕಬ್ಬಿಣದ ಅದಿರು ಬೆರೆತಿರುತ್ತದೆ; ಅದು ನೀಲಿ ಬೆಳಕನ್ನು ನುಂಗುವುದರಿಂದ ಅಲ್ಲಿಯ ಮಬ್ಬಿಗೆ ತಾನಾಗಿಯೇ ಕೆಂಪು ಕಳೆ.

ನಮ್ಮ ಸುತ್ತಿನ ನಾಲ್ಕು ಊರುಗಳ ಬಣ್ಣ ಬೇರೆಬೇರೆಯಾಗುವುದು ಇಲ್ಲಿಯೇ. ಸಂಡೂರಿನಲ್ಲಿ ದಾರಿಬದಿಯ ಗಿಡದ ಎಲೆಯ ಮೇಲೂ ಕೆಂಪು ಧೂಳಿನ ಪದರವಿರುತ್ತದೆ, ಅಲ್ಲಿ ಹಸಿರು ಬಣ್ಣವನ್ನು ಟ್ಯೂಬಿನಿಂದ ನೇರ ಹಚ್ಚಿದರೆ ಸುಳ್ಳಾಗುತ್ತದೆ. ಹಂಪಿಯ ಬಂಡೆಗಳು ಬೂದು ಗ್ರಾನೈಟು, ಅದರಲ್ಲಿ ಒಂದಿಷ್ಟು ಗುಲಾಬಿ, ಮಳೆ ಬಿಸಿಲಿಗೆ ಮಾಗಿದ ಕಡೆ ಕಂದು. ಬೆಳಗಿನಲ್ಲಿ ಅವು ಯಾವತ್ತೂ ತೀರ ಬಿಸಿಯೂ ಅಲ್ಲದ ತೀರ ತಂಪೂ ಅಲ್ಲದ ಬಣ್ಣದಲ್ಲಿರುತ್ತವೆ. ಹೊಸಪೇಟೆಯ ಸುತ್ತ ಬಾಳೆ, ಕಬ್ಬು. ವಿಜಯನಗರ ಅರಸರ ಕಾಲದ ಕಾಲುವೆಗಳ ನೀರು ಹರಿಯುವ ಈ ತೋಟಗಳಲ್ಲಿ ಹಸಿರು ದಟ್ಟ, ಮಂಜು ಬಿಳಿ. ಕಂಪ್ಲಿಯ ಬಯಲಿನಲ್ಲಿ ಕೊಯ್ದ ಕೂಳೆಯ ಒಣಹುಲ್ಲಿನ ಬಣ್ಣವೇ ದೂರದವರೆಗೆ ಹಾಸಿರುತ್ತದೆ, ಅಲ್ಲಲ್ಲಿ ಎರಡನೇ ಬೆಳೆಯ ಸಸಿಮಡಿಯ ಎಳೆ ಹಸಿರು. ನಾನು ಕಂಪ್ಲಿಯನ್ನು ಆರಿಸಿದ್ದು ಈ ಕಾರಣಕ್ಕೆ: ಹಿನ್ನೆಲೆ ತಾನಾಗಿಯೇ ಮಾಸಲಾಗಿರುವಾಗ ಎತ್ತಿನ ಮೈಮೇಲಿನ ಬಣ್ಣಕ್ಕೆ ಬೆಲೆ ಬರುತ್ತದೆ.

ಈಗ ಹಾಳೆಗೆ ಬರೋಣ. 300 ಜಿಎಸ್‌ಎಂ ದಪ್ಪದ, ಸ್ವಲ್ಪ ತರಿಯಿರುವ ಜಲವರ್ಣದ ಹಾಳೆ, ಅಳತೆ 11 ಇಂಚು 15 ಇಂಚು. ಇದಕ್ಕಿಂತ ತೆಳು ಹಾಳೆ ಒದ್ದೆ ಮಾಡಿದ ಕೂಡಲೇ ಸುಕ್ಕಾಗಿ ಬಣ್ಣ ತಗ್ಗಿಗೆ ಹರಿದು ನಿಲ್ಲುತ್ತದೆ. ಚಿತ್ರದ ಬಹುಪಾಲಿಗೆ ಮೂರೇ ಬಣ್ಣ ಸಾಕು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ. ಬದಿಗೆ ಒಂದು ಕ್ರಿಮ್ಸನ್, ಒಂದು ವರ್ಮಿಲಿಯನ್, ಒಂದು ನವಿಲು ನೀಲಿ ಇರಲಿ. ರಾಶಿಯ ನೆರಳಿಗೆ ಬೇಕಾಗುವ ಒಂದು ಸೂಜಿಮೊನೆಯಷ್ಟು ಕ್ರಿಮ್ಸನ್ ಬಿಟ್ಟರೆ, ಈ ಮೂರರ ಮುಚ್ಚಳವನ್ನು ಸದ್ಯಕ್ಕೆ ತೆಗೆಯಬೇಡಿ. ಬಣ್ಣ ಕಡಿಮೆ ಇದ್ದರೆ ಚಿತ್ರ ಬಡವಾಗುತ್ತದೆ ಎಂಬ ಅಂಜಿಕೆಯಿದ್ದವರು ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಛಾವಣಿಯ ಆ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನ ಎಲ್ಲರೂ ಹೆಚ್ಚಾಗಿ ಮಣ್ಣಿನ ಕೆಂಪು, ಕಾವಿ, ಬಿಳಿ, ಕಪ್ಪುಗಳ ಸುತ್ತಲೇ ನಿಂತಿದ್ದಾರೆ. ಮೆರವಣಿಗೆಯ ಗದ್ದಲಕ್ಕೆ ಅಷ್ಟರಿಂದ ಯಾವ ಕೊರತೆಯೂ ಆಗಿಲ್ಲ.

ಬಣ್ಣ ಮುಟ್ಟುವ ಮೊದಲು ಪೋಸ್ಟ್‌ಕಾರ್ಡಿನಷ್ಟು ಚೂರಿನ ಮೇಲೆ ಒಂದೇ ಕಂದು ಬಣ್ಣದಲ್ಲಿ ತಿಳಿ, ನಡುವಣ, ಗಾಢ ಎಂದು ಮೂರು ಮೆಟ್ಟಿಲಿನ ಒಂದು ಕರಡು ಮಾಡಿಕೊಳ್ಳಿ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜಕಾರಣದಷ್ಟೇ ವನ್ಯಜೀವಿ ಛಾಯಾಗ್ರಹಣದಲ್ಲೂ ಹೆಸರು ಮಾಡಿದವರು. ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಮಂಜೂ ಬಿಸಿಲೂ ಬಣ್ಣದ ಹಂಗಿಲ್ಲದೆ ಕಾಣುತ್ತವೆ, ಏಕೆಂದರೆ ಮಬ್ಬು ಎಂಬುದು ಮೊದಲಿಗೆ ತಿಳಿ ಗಾಢಗಳ ವಿಷಯ, ಆಮೇಲೆ ಬಣ್ಣದ್ದು. ಮಬ್ಬಿನಲ್ಲಿ ದೂರ ಹೋದಂತೆ ಗಾಢವಾದದ್ದು ಮೊದಲು ತಿಳಿಯಾಗುತ್ತದೆ. ತಿಳಿಯಾಗಿದ್ದದ್ದು ಅಷ್ಟೇನೂ ಬದಲಾಗುವುದಿಲ್ಲ. ಚಿತ್ರದ ಅತಿ ಗಾಢ ಜಾಗ ಹತ್ತಿರದ ಎತ್ತಿನ ಗೊರಸು, ಕಣ್ಣು, ನೊಗದ ಕೆಳಭಾಗದಲ್ಲಿ ಮಾತ್ರ ಇರಬೇಕು. ದೂರದ ಗುಡ್ಡದಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟರೂ ಅದು ಮುಂದೆ ಜಿಗಿದು ಬರುತ್ತದೆ, ಮಂಜು ಚದುರಿಹೋಗುತ್ತದೆ.

ಈ ಕರಡಿನಲ್ಲಿ ನಮ್ಮ ಚಿತ್ರದ ಮುಖ್ಯ ತೊಡಕು ಗೊತ್ತಾಗುತ್ತದೆ. ಕಿಲಾರಿ ಎತ್ತು ಬಿಳಿ, ಸರಿ. ಆದರೆ ಸೂರ್ಯ ಅದರ ಹಿಂದೆ ಇದ್ದಾನೆ. ನಮ್ಮ ಕಡೆಯ ಮೈ ಪೂರ್ತಿ ನೆರಳಿನಲ್ಲಿದೆ. ನೆರಳಿನಲ್ಲಿರುವ ಬಿಳಿಯೂ ಬಿಸಿಲಿನಲ್ಲಿರುವ ಭತ್ತವೂ ತಿಳಿ ಗಾಢದ ಲೆಕ್ಕದಲ್ಲಿ ಹತ್ತಿರ ಹತ್ತಿರ ಬರುತ್ತವೆ. ರಾಶಿಯ ಬಿಸಿಲ ಮಗ್ಗುಲಿನ ಮುಂದೆ ಎತ್ತನ್ನು ನಿಲ್ಲಿಸಿದರೆ ಎರಡೂ ಒಂದರಲ್ಲೊಂದು ಸೇರಿಹೋಗುತ್ತವೆ, ಆಮೇಲೆ ಯಾವ ಬಣ್ಣ ಹಚ್ಚಿದರೂ ಬೇರೆಯಾಗುವುದಿಲ್ಲ. ಎತ್ತುಗಳನ್ನು ನಾಲ್ಕು ಹೆಜ್ಜೆ ಎಡಕ್ಕೆ ಸರಿಸಿ, ಅವುಗಳ ಬೆನ್ನು ಬಣವೆಯ ನೆರಳು ಮಗ್ಗುಲಿನ ಮುಂದೆ ಬರುವ ಹಾಗೆ ಮಾಡಿದರೆ ಸಾಕು. ಗಾಢ ಬಣವೆಯ ಎದುರು ಬೆನ್ನಿನ ಬೆಳಕಿನ ಗೆರೆ ತಾನಾಗಿ ಮಿಂಚುತ್ತದೆ. ಹಳ್ಳಿಕಾರ್ ಜೋಡಿಯಾದರೆ ಲೆಕ್ಕ ತಿರುವುಮುರುವು: ಅವುಗಳ ಮೈಬಣ್ಣ ಬೂದು, ಕುತ್ತಿಗೆ ಹೆಗಲುಗಳಲ್ಲಿ ಇನ್ನೂ ಗಾಢ. ಅವನ್ನು ತಿಳಿ ರಾಶಿಯ ಮುಂದೆಯೇ ನಿಲ್ಲಿಸಬಹುದು.

ಮೊದಲ ಲೇಪ ಮಬ್ಬಿನದು. ಹಾಳೆಯನ್ನು ಪೂರ್ತಿ ಒದ್ದೆ ಮಾಡಿ, ನೀರಿನ ಹೊಳಪು ಆರುತ್ತಿರುವಾಗ ಬಲ ಮೇಲ್ಗಡೆ, ಸೂರ್ಯನ ಹತ್ತಿರ, ತೀರ ತೆಳುವಾದ ಓಕರ್ ಹಚ್ಚಿ. ಅಲ್ಲಿಂದ ಎಡಕ್ಕೆ ಸರಿಯುತ್ತ ಬ್ರಷ್ಷಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ, ಮತ್ತೂ ಮುಂದೆ ಹೋದಂತೆ ಸಿಯೆನ್ನಾ ಜೊತೆ ಅಲ್ಟ್ರಾಮರೀನ್ ಬೆರೆಸಿದ ತಿಳಿ ಬೂದು. ಕ್ರಮ ಇದೇ ಇರಬೇಕು. ಓಕರ್‌ನಿಂದ ನೇರ ಅಲ್ಟ್ರಾಮರೀನ್‌ಗೆ ಹೋದರೆ ಹಳದಿ ನೀಲಿ ಕೂಡಿ ಆಕಾಶದಲ್ಲಿ ಪಾಚಿ ಹಸಿರು ಮೂಡುತ್ತದೆ. ಲೆಮನ್ ಯೆಲ್ಲೋ ಹಾಕಿದವರಿಗೆ ಇದು ಇನ್ನೂ ಜೋರಾಗಿ ಆಗುತ್ತದೆ. ಬರ್ನ್ಟ್ ಸಿಯೆನ್ನಾ ಕಿತ್ತಳೆಯ ಬಳಗದ್ದು. ಕಿತ್ತಳೆ ಮತ್ತು ನೀಲಿ ಒಂದರ ಕಾವನ್ನು ಇನ್ನೊಂದು ಇಳಿಸಿ ಬೂದು ಆಗುತ್ತವೆ. ಇಡೀ ಚಿತ್ರದ ಚುಕ್ಕಾಣಿ ಇರುವುದು ಈ ಜೋಡಿಯಲ್ಲಿ. ಸಿಯೆನ್ನಾ ಹೆಚ್ಚಾದರೆ ಬೂದು ಬೆಚ್ಚಗಾಗುತ್ತದೆ, ಅಲ್ಟ್ರಾಮರೀನ್ ಹೆಚ್ಚಾದರೆ ತಣ್ಣಗಾಗುತ್ತದೆ, ಆದರೆ ಎರಡೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಎಲ್ಲ ಕಂಪನಿಯ ಸಿಯೆನ್ನಾ ಒಂದೇ ಥರ ಇರುವುದಿಲ್ಲ. ಕೆಲವು ಇಟ್ಟಿಗೆ ಕೆಂಪಿಗೆ ವಾಲಿರುತ್ತವೆ, ಅಂಥದಕ್ಕೆ ನೀಲಿ ಬೆರೆಸಿದರೆ ಬೂದು ಬರದೆ ನೇರಳೆ ಬರುತ್ತದೆ. ಒಂದು ರದ್ದಿ ಹಾಳೆಯ ಮೇಲೆ ಮೊದಲೇ ಬೆರೆಸಿ ನೋಡಿ, ನೇರಳೆಯಾದರೆ ಒಂದು ಹನಿ ಓಕರ್ ಸೇರಿಸಿ ಸರಿಮಾಡಿ. ಜಲವರ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿಯಾಗುವುದರಿಂದ ಹಸಿಯಲ್ಲಿ ತುಸು ಗಾಢ ಎನ್ನಿಸಿದರೆ ಗಾಬರಿ ಬೇಡ.

ಲೇಪ ಇನ್ನೂ ತೇವವಿರುವಾಗಲೇ ಹಿಂದಿನ ಗುಡ್ಡವನ್ನು ಅದೇ ಬೂದಿನಿಂದ, ಅಂಚು ಕರಗುವ ಹಾಗೆ ಬರೆದುಬಿಡಬೇಕು. ಗುಡ್ಡದ ಬುಡ ತುದಿಗಿಂತ ತಿಳಿಯಾಗಿರಲಿ, ಮಂಜು ಕೂತಿರುವುದು ಕೆಳಗೆ ತಾನೇ. ಇಲ್ಲಿ ಬಂಡೆ ಬಿಡಿಸುವ ಆಸೆ ಬೇಡ.

ಒಣಗಿದ ಮೇಲೆ ರಾಶಿ ಮತ್ತು ಬಣವೆ. ರಾಶಿಯ ಬಿಸಿಲ ಅಂಚಿಗೆ ತೆಳು ಓಕರ್ ಸಾಕು. ನಮ್ಮ ಕಡೆಯ ನೆರಳು ಮಗ್ಗುಲಿಗೆ ಹೆಚ್ಚಿನವರು ಕಂದು ಬಣ್ಣ ತುಂಬುತ್ತಾರೆ. ಆಗ ಭತ್ತದ ರಾಶಿ ಮಣ್ಣಿನ ಗುಡ್ಡೆಯಾಗುತ್ತದೆ. ಓಕರ್‌ಗೆ ಅಲ್ಟ್ರಾಮರೀನ್ ಮತ್ತು ಒಂದು ಸೂಜಿಮೊನೆಯಷ್ಟು ಕ್ರಿಮ್ಸನ್ ಸೇರಿಸಿದರೆ ಬರುವ ಮಾಸಲು ನೇರಳೆಗಂದು ಇಲ್ಲಿಗೆ ಸರಿ. ಈಗಿನ ಕಣದಲ್ಲಿ ಇನ್ನೊಂದು ವಿಷಯವಿದೆ. ಹಂತಿ ಹೊಡೆದು, ಮೇಟಿ ಸುತ್ತ ಎತ್ತು ತಿರುಗಿಸಿ, ತೂರಿ ರಾಶಿ ಮಾಡುವುದು ಈ ಸೀಮೆಯಲ್ಲಿ ಅಪರೂಪವಾಗಿದೆ. ಯಂತ್ರದಲ್ಲಿ ಕೊಯ್ದ ಭತ್ತವನ್ನು ತಾಡಪತ್ರಿಯ ಮೇಲೆ ಹರವಿ ಒಣಗಿಸಿ ರಾಶಿ ಮಾಡುತ್ತಾರೆ. ಆ ತಾಡಪತ್ರಿ ಅನೇಕ ಸಲ ಕಡು ನೀಲಿ. ಚಿತ್ರ ಬರೆಯುವವರು ಅದನ್ನು ಕಂಡೂ ಕಾಣದ ಹಾಗೆ ಮಾಡಿ ಸೆಗಣಿ ಸಾರಿಸಿದ ಕಣ ಬರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ನೀಲಿಯನ್ನು ಬಿಡುವುದು ನಷ್ಟ. ಬೆಚ್ಚನೆಯ ಚಿತ್ರಕ್ಕೆ ಬೇಕಾದ ತಂಪು ಬಣ್ಣವನ್ನು ರೈತನೇ ಹಾಸಿ ಕೊಟ್ಟಿದ್ದಾನೆ. ರಾಶಿಯ ಬುಡದಲ್ಲಿ ಅದರ ಒಂದು ಪಟ್ಟಿ ಕಂಡರೆ ಸಾಕು. ಅದರ ಪ್ರತಿಫಲನದಿಂದ ರಾಶಿಯ ಕೆಳಭಾಗಕ್ಕೂ ಸ್ವಲ್ಪ ನೀಲಿ ಏರುತ್ತದೆ, ಮೇಲಿನ ಓಕರ್ ಅದರಿಂದಾಗಿ ಹೊನ್ನಿನ ಹಾಗೆ ಕಾಣುತ್ತದೆ.

ಎತ್ತಿಗೆ ಬಿಳಿ ಬಣ್ಣ ಹಚ್ಚುವುದಿಲ್ಲ. ಬೆನ್ನಿನ ಗೆರೆ, ಡುಬ್ಬದ ಮೇಲ್ಭಾಗ, ಕೊಂಬಿನ ಒಂದು ಮಗ್ಗುಲು, ಇಷ್ಟನ್ನು ಹಾಳೆಯ ಬಿಳಿಯಾಗಿಯೇ ಬಿಡಬೇಕು. ಉಳಿದ ಮೈಗೆ ನಮ್ಮ ಬೂದು, ನೀಲಿಯ ಕಡೆ ವಾಲಿದ್ದು. ಹೊಟ್ಟೆಯ ಕೆಳಗೆ ಬಂದಾಗ ಅದೇ ಬೂದಿಗೆ ಓಕರ್ ಸೇರಿಸಿ, ಏಕೆಂದರೆ ನೆಲದ ಮೇಲೆ ಚೆಲ್ಲಿದ ಹುಲ್ಲಿನ ಬೆಳಕು ಅಲ್ಲಿಗೆ ಪುಟಿಯುತ್ತದೆ. ಹತ್ತಿರ ಹೋಗಿ ಎತ್ತಿನ ಕಿವಿ ನೋಡಿ. ಸೂರ್ಯ ಹಿಂದಿರುವಾಗ ಬೆಳಕು ಕಿವಿಯ ತೆಳು ಚರ್ಮದ ಮೂಲಕ ಹಾಯ್ದು ಬರುತ್ತದೆ, ಒಳಗಿನ ರಕ್ತದ ಬಣ್ಣ ಹಿಡಿದು ಕಿವಿ ಕೆಂಗಿತ್ತಳೆಯಾಗಿ ಬೆಳಗುತ್ತದೆ, ನಡುವೆ ಒಂದೆರಡು ನರದ ಗೆರೆಗಳು ಗಾಢವಾಗಿ ಕಾಣುತ್ತವೆ. ಚಿತ್ರದಲ್ಲಿ ನಿಜವಾದ ಕಿತ್ತಳೆ ಹಚ್ಚಲು ಹಕ್ಕಿರುವ ಜಾಗ ಇದು. ಗಂಗೆದೊಗಲಿನ ಅಂಚಿನಲ್ಲೂ ಅದರದೇ ಒಂದು ತೆಳು ಗೆರೆ ಇರುತ್ತದೆ. ಆಕಾಶಕ್ಕೆಲ್ಲ ಕಿತ್ತಳೆ ಬಳಿದವರ ಚಿತ್ರದಲ್ಲಿ ಈ ಕಿವಿ ಬೆಳಗುವುದೇ ಇಲ್ಲ.

ಕೊನೆಗೆ ಶೃಂಗಾರ. ಈಗ ಮುಚ್ಚಿಟ್ಟ ಮೂರು ಟ್ಯೂಬುಗಳನ್ನು ತೆರೆಯಬಹುದು. ಬೆನ್ನ ಮೇಲಿನ ಜೂಲು, ಹಣೆಪಟ್ಟಿ, ಕೊರಳಿನ ಗೆಜ್ಜೆಸರ, ಕೊಂಬಿನ ತುದಿಯ ಹಿತ್ತಾಳೆ ಅಣಸು, ಗೊಂಡೆ, ಅದರ ಜೊತೆ ಇವತ್ತಿನ ಗುಲಾಬಿ ರಿಬ್ಬನ್ನು, ಬಲೂನು, ಕೊಂಬಿಗೆ ಬಳಿದ ಆಯಿಲ್ ಪೇಂಟು. ಎಲ್ಲವನ್ನೂ ಅದರದರ ಪೂರ್ಣ ಬಣ್ಣದಲ್ಲಿ ಬರೆದರೆ ಒಂದೂ ಕಾಣುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನು ಗಮನಿಸಿದರೆ ಇದಕ್ಕೊಂದು ದಾರಿ ಸಿಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಆ ಕಸೂತಿಯಲ್ಲಿ ಹಳದಿ, ಹಸಿರು, ಬಿಳಿ, ಗುಲಾಬಿ ಎಷ್ಟೆಲ್ಲ ನೂಲು ಒತ್ತೊತ್ತಾಗಿ ಬಂದರೂ ಕಣ್ಣು ಗೊಂದಲಗೊಳ್ಳುವುದಿಲ್ಲ. ಕಾರಣ, ಕೆಳಗಿನ ಬಟ್ಟೆ ಒಂದೇ ಗಾಢ ಬಣ್ಣದ್ದು, ಸಾಮಾನ್ಯವಾಗಿ ಕಡುಗೆಂಪು ಇಲ್ಲವೇ ಕಡುನೀಲಿ. ಜೂಲಿಗೂ ಹಾಗೆಯೇ ಮೊದಲು ಒಂದು ಕಡುಗೆಂಪು ನೆಲ ಹಾಕಿ. ನೆರಳಿನಲ್ಲಿ ಇರುವುದರಿಂದ ವರ್ಮಿಲಿಯನ್‌ಗೆ ಕ್ರಿಮ್ಸನ್ ಬೆರೆಸಿ, ಒಂಚೂರು ಅಲ್ಟ್ರಾಮರೀನ್‌ನಿಂದ ಅದರ ಸೊಕ್ಕು ಇಳಿಸಿ. ಅದು ಒಣಗಿದ ಮೇಲೆ ಅಂಚಿಗೆ ನವಿಲು ನೀಲಿಯ ಪಟ್ಟಿ. ಬಿಸಿಲು ತಾಗುವ ಮೇಲಂಚಿನಲ್ಲಿ ಮಾತ್ರ ಶುದ್ಧ ವರ್ಮಿಲಿಯನ್ ಒಂದು ಎಳೆ. ಕನ್ನಡಿ ಬಿಲ್ಲೆಗಳಿಗೆ ಮೊದಲೇ ಬಿಟ್ಟ ಹಾಳೆಯ ಬಿಳಿ ಚುಕ್ಕೆ. ಎರಡನೇ ಎತ್ತಿನ ಜೂಲು ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮಾಸಲಾಗಿರಲಿ, ಅದು ಎರಡು ಹೆಜ್ಜೆ ಹಿಂದಿದೆ. ಹೀಗೆ ಬೆರಕೆಯಿಲ್ಲದ ಬಣ್ಣ ಬೀಳುವ ಜಾಗವೆಲ್ಲ ಕೂಡಿಸಿದರೆ ಹಾಳೆಯ ಇಪ್ಪತ್ತರಲ್ಲಿ ಒಂದು ಪಾಲು ಮೀರಬಾರದು. ಇದು ಶಾಸ್ತ್ರವಲ್ಲ, ನನ್ನ ಅಂದಾಜು. ಆದರೆ ಹತ್ತರಲ್ಲಿ ಒಂದು ಪಾಲಾದಾಗಲೇ ಚಿತ್ರ ಜಾತ್ರೆಯ ಅಂಗಡಿಯ ಕಡೆ ವಾಲುತ್ತದೆ.

ಮುಗಿದ ಚಿತ್ರ ಹಳಿ ತಪ್ಪಿದೆಯೇ ಎಂದು ತಿಳಿಯಲು ಸುಲಭದ ಒಂದು ಉಪಾಯವಿದೆ. ಬೂದು ಬಣ್ಣದ ರಟ್ಟಿನ ಚೂರಿನಲ್ಲಿ ಎರಡು ಇಂಚು ಅಂತರದಲ್ಲಿ ಎರಡು ತೂತು ಕೊರೆಯಿರಿ. ಒಂದು ತೂತು ಎತ್ತಿನ ಮೈಮೇಲೆ, ಇನ್ನೊಂದು ರಾಶಿಯ ಮೇಲೆ ಬರುವ ಹಾಗೆ ಇಟ್ಟು ನೋಡಿ. ಎತ್ತು ಎಂಬ ಅರಿವು ತಪ್ಪಿದಾಗ ಅದರ ಬಣ್ಣ ನಿಜವಾಗಿ ಕಾಣುತ್ತದೆ. ಎತ್ತಿನ ತೂತಿನ ಬಣ್ಣ ರಾಶಿಗಿಂತ ತಣ್ಣಗಿರಬೇಕು. ಎರಡೂ ಒಂದೇ ಹಳದಿಯಾಗಿದ್ದರೆ ಚಿತ್ರ ಕಿತ್ತಳೆಗೆ ಜಾರಿದೆ ಎಂದರ್ಥ. ಮದ್ದು ಇದೆ: ಪೂರ್ತಿ ಒಣಗಿದ ಮೇಲೆ, ನೀರಿನಷ್ಟೇ ತೆಳುವಾದ ಅಲ್ಟ್ರಾಮರೀನ್ ಅನ್ನು ನೆರಳಿನ ಜಾಗಗಳ ಮೇಲೆ ಮಾತ್ರ, ಮೆತ್ತನೆಯ ಬ್ರಷ್ಷಿನಲ್ಲಿ, ಒಂದೇ ಸಲ ಎಳೆದುಬಿಡಿ. ಉಜ್ಜಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಬಿಸಿಲಿನ ಜಾಗವನ್ನು ಮುಟ್ಟಲೇಬೇಡಿ. ನೆರಳು ತಣ್ಣಗಾದ ಕೂಡಲೇ ಬಿಸಿಲು ತಾನಾಗಿ ಬೆಚ್ಚಗಾಗುತ್ತದೆ. ಮೊದಲೇ ಕೆಸರಾಗಿ ಹೋಗಿದ್ದರೆ, ಅಂದರೆ ನಾಲ್ಕೈದು ಬಣ್ಣ ಒಂದರ ಮೇಲೊಂದು ಬಿದ್ದು ಹೊಳಪು ಸತ್ತಿದ್ದರೆ, ಜಲವರ್ಣದಲ್ಲಿ ಅದಕ್ಕೆ ಪರಿಹಾರವಿಲ್ಲ. ಹೊಸ ಹಾಳೆ ತೆಗೆದುಕೊಳ್ಳುವುದೇ ಸರಿ.

ಕುಂಚ ಹಿಡಿಯದೆ ಫೋನ್ ಹಿಡಿಯುವವರಿಗೂ ಲೆಕ್ಕ ಇದೇ. ಕ್ಯಾಮೆರಾ ತಾನಾಗಿ ಬಣ್ಣ ಸರಿಮಾಡುವ ವ್ಯವಸ್ಥೆಗೆ ಬಿಟ್ಟರೆ ಬೆಳಗಿನ ಹಳದಿಯನ್ನು ದೋಷವೆಂದು ತಿಳಿದು ಒರೆಸಿಹಾಕುತ್ತದೆ, ಚಿತ್ರ ಮಧ್ಯಾಹ್ನದ್ದಾಗಿ ಬರುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿಗೆ, ಅಂದರೆ 5,500 ಕೆಲ್ವಿನ್ ಆಸುಪಾಸಿಗೆ ನಿಲ್ಲಿಸಿದರೆ ಬೆಳಗಿನ ಕಾವು ಹಾಗೆಯೇ ಉಳಿಯುತ್ತದೆ. ಆಮೇಲೆ ತಿದ್ದುವಾಗ ಇಡೀ ಚಿತ್ರವನ್ನು ಹಳದಿಗೆ ತಳ್ಳುವ ಪಟ್ಟಿಯನ್ನು ಎಳೆಯಬೇಡಿ. ಬೆಳಕಿಗೂ ನೆರಳಿಗೂ ಬೇರೆಬೇರೆ ಛಾಯೆ ಕೊಡುವ ಸೌಲಭ್ಯ ಬಹುತೇಕ ತಿದ್ದುವ ಆ್ಯಪ್‌ಗಳಲ್ಲಿ ಇದೆ. ಬೆಳಕಿಗೆ ಸ್ವಲ್ಪ ಹಳದಿ, ನೆರಳಿಗೆ ಸ್ವಲ್ಪ ನೀಲಿ, ಅಷ್ಟೇ. ಗುಲಾಬಿ ರಿಬ್ಬನ್ನಿನಂಥ ಕಣ್ಣು ಕುಕ್ಕುವ ಒಂದೇ ಬಣ್ಣವಿದ್ದರೆ ಅದೊಂದರ ಗಾಢತೆಯನ್ನು ಇಳಿಸಿ. ಎಲ್ಲ ಬಣ್ಣದ್ದನ್ನೂ ಒಟ್ಟಿಗೆ ಏರಿಸುವುದು ಕ್ಯಾಲೆಂಡರಿಗೆ ಹಿಂತಿರುಗುವ ದಾರಿ.

ಸಂಕ್ರಾಂತಿಯ ದಿನ ಈ ಕಡೆಯ ಜನ ಬುತ್ತಿ ಕಟ್ಟಿಕೊಂಡು ಹೊಳೆಸ್ನಾನಕ್ಕೆ ಹಂಪಿಗೆ ಹೊರಡುತ್ತಾರೆ, ಆದ್ದರಿಂದ ಕಂಪ್ಲಿ ಸುತ್ತಿನ ಕಣಗಳಲ್ಲಿ ಬರೆಯುವವರಿಗೆ ಸಿಗುವ ಹೊತ್ತು ಇನ್ನೂ ಕಡಿಮೆ. ಏಳು ಗಂಟೆಗೆ ಮೊದಲೇ ಜಾಗ ಹಿಡಿಯಿರಿ, ಕಣದವರನ್ನು ಕೇಳಿ ಒಳಗೆ ಕಾಲಿಡಿ, ಚಪ್ಪಲಿ ಹೊರಗೆ ಬಿಡಿ. ಎಂಟೂವರೆ ಆಯಿತೆಂದರೆ ಬ್ರಷ್ ತೊಳೆದಿಟ್ಟು, ಉಳಿದದ್ದನ್ನು ಮರುದಿನ ಅದೇ ಹೊತ್ತಿಗೆ ಬಂದು ಮುಗಿಸಿ.